ದೆಹಲಿ ಕಾರು, ಕರ್ನಾಟಕದ ನಂಬರು

ಮೊಬೈಲ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರಿಗೆಲ್ಲ ಒಂದಲ್ಲ ಒಂದು ದಿನ ದೆಹಲಿಯ ಜಾಹೀರಾತು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದೇ ಕಂಪನಿ, ಅದೇ ಮಾಡೆಲ್, ಅದೇ ವರ್ಷ. ಬೆಲೆ ಮಾತ್ರ ಬೆಂಗಳೂರಿಗಿಂತ ಒಂದೂವರೆ ಎರಡು ಲಕ್ಷ ಕಡಿಮೆ. ಗಾಡಿಯಲ್ಲಿ ಏನೋ ಐಬಿರಬೇಕು ಎಂಬ ಅನುಮಾನ ಮೊದಲು ಮೂಡುತ್ತದೆ. ಐಬು ಇದ್ದರೂ ಇರಬಹುದು. ಆದರೆ ಬೆಲೆ ಕಡಿಮೆಯಾಗಲು ಐಬೇ ಬೇಕೆಂದಿಲ್ಲ.

ವಾಹನ ತೆರಿಗೆ ಸಂವಿಧಾನದ ಪ್ರಕಾರ ರಾಜ್ಯಗಳ ಪಾಲಿನದು, ದರವನ್ನೂ ಆಯಾ ರಾಜ್ಯವೇ ಗೊತ್ತುಮಾಡುತ್ತದೆ. ಹತ್ತು ಲಕ್ಷಕ್ಕಿಂತ ಹೆಚ್ಚು ಬೆಲೆಯ ಪೆಟ್ರೋಲ್ ಕಾರಿಗೆ ದೆಹಲಿ ಶೇ 10ರಷ್ಟು ತೆರಿಗೆ ಹಾಕಿದರೆ, ಕರ್ನಾಟಕ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17 ಹಾಕುತ್ತದೆ. ಆ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್ ಬೇರೆ. ಹೊಸದರಲ್ಲೇ ಕಡಿಮೆ ತೆರಿಗೆ ತೆತ್ತ ಕಾರು ಹಳೆಯದಾದಾಗಲೂ ಕಡಿಮೆಗೇ ಮಾರಾಟವಾಗುವುದು ಸಹಜ. ಡೀಸೆಲ್ ಕಾರಿಗೆ ಇನ್ನೂ ಒಂದು ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು; 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲು ಹೇಳಿತು. ಆ ಮೇಲೆ ಆದೇಶಗಳಲ್ಲಿ ಸಡಿಲಿಕೆ, ಬಿಗಿ ಎರಡೂ ಆಗಿವೆ, ಮಾಲೀಕರ ಅಳುಕು ಮಾತ್ರ ಹೋಗಿಲ್ಲ. ಒಂಬತ್ತನೆಯ ವರ್ಷ ಹಿಡಿದ ಡೀಸೆಲ್ ಗಾಡಿಯನ್ನು ಅಲ್ಲಿನವರು ಸಿಕ್ಕಿದ ಬೆಲೆಗೆ ದಾಟಿಸಲು ನೋಡುತ್ತಾರೆ. ಅದೇ ಗಾಡಿಗೆ ಕರ್ನಾಟಕದಲ್ಲಿ ಹದಿನೈದು ವರ್ಷದ ನೋಂದಣಿ ಅವಧಿ ಮುಗಿಯಲು ಇನ್ನೂ ಆರು ವರ್ಷ ಬಾಕಿ ಇರುತ್ತದೆ.

ಹಾಗಾದರೆ ಲಾಭ ಎಷ್ಟು? ಇಲ್ಲಿಯೇ ಹೆಚ್ಚಿನವರ ಲೆಕ್ಕ ತಪ್ಪುವುದು. ದೆಹಲಿಯಲ್ಲಿ ಏಳು ಲಕ್ಷಕ್ಕೆ ಕೊಂಡ ಕಾರಿಗೆ ಕರ್ನಾಟಕದಲ್ಲಿ ಏಳು ಲಕ್ಷದ ಮೇಲೆ ತೆರಿಗೆ ಎಂದುಕೊಂಡು ಹೊರಡುತ್ತಾರೆ. ಆರ್‌ಟಿಒಗೆ ಆ ಏಳು ಲಕ್ಷದ ಗೊಡವೆಯೇ ಇಲ್ಲ. ಕಾರು ಶೋರೂಮ್‌ನಿಂದ ಹೊರಬಂದ ದಿನದ ಬೆಲೆ ಎಷ್ಟು, ಇಂದಿಗೆ ಅದಕ್ಕೆ ವಯಸ್ಸೆಷ್ಟು ಎಂಬ ಎರಡೇ ಸಂಗತಿ ಅದಕ್ಕೆ ಬೇಕು. ಮೂಲ ಬೆಲೆಯ ಮೇಲೆ ಜೀವಿತಾವಧಿ ತೆರಿಗೆ ಲೆಕ್ಕ ಹಾಕಿ, ವಯಸ್ಸಿಗೆ ತಕ್ಕಂತೆ ಅದರಲ್ಲಿ ಇಂತಿಷ್ಟು ಪಾಲು ಕಟ್ಟಿಸಿಕೊಳ್ಳುತ್ತದೆ. ಎರಡು ವರ್ಷದೊಳಗಿನ ಕಾರಿಗೆ ಶೇ 93, ಐದು ತುಂಬಿ ಆರರೊಳಗಿದ್ದರೆ ಶೇ 69, ಒಂಬತ್ತು ತುಂಬಿ ಹತ್ತರೊಳಗಿದ್ದರೆ ಶೇ 49.

ಒಂದು ಉದಾಹರಣೆ ಹಿಡಿದು ನೋಡೋಣ. ಐದು ವರ್ಷ ತುಂಬಿದ ಪೆಟ್ರೋಲ್ ಎಸ್‌ಯುವಿ, ಹೊಸದರಲ್ಲಿ ಹನ್ನೆರಡು ಲಕ್ಷ ಎಂದಿಟ್ಟುಕೊಳ್ಳಿ. ದೆಹಲಿಯಲ್ಲಿ 6.75 ಲಕ್ಷಕ್ಕೆ ಸಿಗುತ್ತದೆ, ಅಂಥದೇ ಕಾರಿಗೆ ಬೆಂಗಳೂರಿನಲ್ಲಿ 8.60 ಲಕ್ಷ ಹೇಳುತ್ತಾರೆ. ಹನ್ನೆರಡು ಲಕ್ಷಕ್ಕೆ ಶೇ 17ರಂತೆ 2,04,000 ರೂಪಾಯಿ; ಅದರ ಶೇ 69 ಎಂದರೆ 1,40,760; ಸೆಸ್ ಸೇರಿದರೆ ಸುಮಾರು 1,56,000. ವ್ಯತ್ಯಾಸವಾಗಿ ಕಂಡಿದ್ದ 1.85 ಲಕ್ಷದಲ್ಲಿ ಕೈಯಲ್ಲಿ ಉಳಿಯುವುದು 29 ಸಾವಿರ. ಅದರಲ್ಲೇ ಕಾರನ್ನು ಲಾರಿಗೇರಿಸಿ ತರಿಸುವ ಬಾಡಿಗೆ, ನೋಡಲು ಹೋಗಿಬರುವ ಖರ್ಚು, ಏಜೆಂಟರ ಕೈಬಿಸಿ, ಹೊಸ ನಂಬರ್ ಪ್ಲೇಟ್ ಎಲ್ಲವೂ ಆಗಬೇಕು. ಇಂಥ ವ್ಯವಹಾರಕ್ಕೆ ಎರಡು ಸಾವಿರ ಕಿಲೋಮೀಟರ್ ದೂರ ಹೋಗಬೇಕಾಗಿಯೇ ಇರಲಿಲ್ಲ.

ಅದೇ ಲೆಕ್ಕವನ್ನು ಒಂಬತ್ತು ವರ್ಷ ದಾಟಿದ, ಹೊಸದರಲ್ಲಿ ಹದಿನೆಂಟು ಲಕ್ಷವಾಗಿದ್ದ ಏಳು ಸೀಟಿನ ಡೀಸೆಲ್ ಗಾಡಿಗೆ ಹಾಕಿದರೆ ಚಿತ್ರ ಬೇರೆಯಾಗುತ್ತದೆ. ತೆರಿಗೆ, ಸೆಸ್ ಸೇರಿ ಸುಮಾರು 1.66 ಲಕ್ಷ. ಮೂಲ ಬೆಲೆ ಆರು ಲಕ್ಷ ಹೆಚ್ಚಿದ್ದರೂ ತೆರಿಗೆ ಹತ್ತು ಸಾವಿರವಷ್ಟೇ ಜಾಸ್ತಿ. ದೆಹಲಿ ಡೀಸೆಲ್‌ನ ಬೆಲೆ ಕುಸಿತ ಇದಕ್ಕಿಂತ ದೊಡ್ಡದಿದ್ದರೆ ಕೊಳ್ಳುವವರಿಗೆ ನಿಜವಾಗಿಯೂ ಉಳಿತಾಯವಿದೆ. ಹೊರರಾಜ್ಯದ ಕಾರು ಗಿಟ್ಟುವುದು ಸಾಮಾನ್ಯವಾಗಿ ಇಂಥ ಕಡೆಯಲ್ಲೇ. ಎರಡು ಮೂರು ವರ್ಷದ ಹೊಸತನದ ಕಾರಿನಲ್ಲಿ ಗಿಟ್ಟುವುದು ಅಪರೂಪ.

ಲೆಕ್ಕ ಕೂಡಿಬಂತು ಎನ್ನೋಣ. ಮುಂದಿನ ಪಟ್ಟು ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಕಾರನ್ನು ಮೊದಲು ನೋಂದಾಯಿಸಿದ ಆರ್‌ಟಿಒ, ಈ ವಾಹನದ ಮೇಲೆ ನಮ್ಮಲ್ಲಿ ಬಾಕಿಯಾಗಲಿ ತಕರಾರಾಗಲಿ ಇಲ್ಲ, ಬೇರೆ ರಾಜ್ಯಕ್ಕೆ ಹೋಗಬಹುದು ಎಂದು ಕೊಡುವ ಪತ್ರ ಇದು. ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್ ಇದಕ್ಕೆ ಆಧಾರ, ಅರ್ಜಿಯ ನಮೂನೆ ಫಾರಂ 28. ಲೋನ್ ತೀರಿದಾಗ ಬ್ಯಾಂಕ್ ಕೊಡುವ ಪತ್ರವನ್ನೂ ಎನ್‌ಒಸಿ ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ. ‘ಎನ್‌ಒಸಿ ಕೈಯಲ್ಲೇ ಇದೆ’ ಎಂದು ಮಾರುವವರು ತೋರಿಸುವ ಕಾಗದ ಎಷ್ಟೋ ಸಲ ಬ್ಯಾಂಕಿನದು. ಅದು ಬೇಕು ನಿಜ. ಅದರ ಜೊತೆಗೆ ಫಾರಂ 35 ಕೊಟ್ಟು ಆರ್‌ಸಿಯಿಂದ ಸಾಲದ ನಮೂದನ್ನು ತೆಗೆಸಲೂಬೇಕು. ಆದರೆ ಗಾಡಿ ರಾಜ್ಯ ದಾಟಿ ಹೊಸ ನಂಬರ್ ಪಡೆಯುವುದಕ್ಕೆ ಬೇಕಾದದ್ದು ಆರ್‌ಟಿಒ ಕೊಟ್ಟ ಪತ್ರವೇ.

ಫಾರಂ 28ರಲ್ಲಿ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಅಂಟಿಸಬೇಕು. ಎಂಜಿನ್ ಹಿಂಬದಿಯ ತಗಡಿನ ಮೇಲೋ, ಸೀಟಿನ ಕೆಳಗೋ ಕೊರೆದಿರುವ ಹದಿನೇಳು ಅಕ್ಷರ-ಅಂಕಿಗಳ ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡಡ್ಡ ಉಜ್ಜಿದರೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಕೊಳ್ಳುವವರು ಈ ಕೆಲಸದ ಹೊತ್ತಿಗೆ ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು. ಅಂಕಿಗಳ ಸಾಲು ಸೊಟ್ಟಗಿದ್ದರೆ, ಸುತ್ತಲಿನ ತಗಡನ್ನು ಉಜ್ಜಿ ಮತ್ತೆ ಬಣ್ಣ ಬಳಿದಂತಿದ್ದರೆ, ಐ, ಒ, ಕ್ಯೂ ಎಂಬ ಇಂಗ್ಲಿಷ್ ಅಕ್ಷರ ಕಂಡರೆ ಅಲ್ಲಿಗೇ ಕೈಬಿಡಬೇಕು. ಆ ಮೂರು ಅಕ್ಷರಗಳನ್ನು ಅಂಕಿಗಳೆಂದು ತಪ್ಪು ತಿಳಿಯಬಾರದೆಂದು ಈ ನಂಬರಿನಲ್ಲಿ ಬಳಸುವುದೇ ಇಲ್ಲ. ಬೆಂಗಳೂರಿನ ಆರ್‌ಟಿಒ ಇನ್‌ಸ್ಪೆಕ್ಟರ್ ಕೂಡ ಕೊನೆಗೆ ಗಾಡಿಯ ಮುಂದೆ ಬಗ್ಗಿ ನೋಡುವುದು ಇದೇ ನಂಬರನ್ನು. ಆ ಹೊತ್ತಿಗೆ ಹಣವೆಲ್ಲ ಕೈದಾಟಿರುತ್ತದೆ.

ಕಳವಿನ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ತಾಣದಲ್ಲಿ ವಾಹನದ ವಿವರ ಕೊಟ್ಟು ವರದಿ ತೆಗೆಯಬಹುದು. ಟ್ರಾಫಿಕ್ ದಂಡದ ಬಾಕಿಯನ್ನು echallan.parivahan.gov.in ತೋರಿಸುತ್ತದೆ. ದೆಹಲಿಯ ಗಾಡಿಗಳ ಮೇಲೆ ಕ್ಯಾಮೆರಾ ಹಿಡಿದ ಅತಿವೇಗದ ದಂಡಗಳು ಸಾಲುಸಾಲಾಗಿ ಕಂಡರೆ ಅಚ್ಚರಿಪಡಬೇಕಿಲ್ಲ. ಅವನ್ನು ತೀರಿಸದೆ ಎನ್‌ಒಸಿ ಹೊರಡುವುದಿಲ್ಲ.

‘ಎನ್‌ಒಸಿ ಹದಿನೈದು ದಿನದಲ್ಲಿ ಬರುತ್ತೆ ಸರ್, ನೀವು ಗಾಡಿ ತಗೊಂಡ್ಹೋಗಿ’ ಎಂಬ ಮಾತಿಗೆ ಮರುಳಾದವರು ತಿಂಗಳುಗಟ್ಟಲೆ ಫೋನ್ ಮಾಡುತ್ತಾ ಕೂರುತ್ತಾರೆ. ಮುಂಗಡ ಕೊಟ್ಟು, ಉಳಿದದ್ದನ್ನು ಎನ್‌ಒಸಿ ಕೈಗೆ ಬಂದು ವಾಹನ್ ತಾಣದಲ್ಲೂ ಕಂಡ ಮೇಲೆ ಕೊಡುವುದೇ ಜಾಣತನ. ಪತ್ರದಲ್ಲಿ ಕರ್ನಾಟಕ ಎಂದು ಬರೆದರೆ ಸಾಲದು, ಯಾವ ಆರ್‌ಟಿಒ ಎಂಬುದೂ ಇರುತ್ತದೆ. ಜಯನಗರದಲ್ಲಿ ಮನೆಯಿರುವವರಿಗೆ ಕೋರಮಂಗಲದ ಹೆಸರಿನಲ್ಲಿ ಪತ್ರ ಬಂದರೆ ಇನ್ನೊಂದು ಸುತ್ತು ಓಡಾಟ ಗ್ಯಾರಂಟಿ. ಅರ್ಜಿ ಹಾಕುವ ಮೊದಲೇ ತಮ್ಮ ವಿಳಾಸ ಯಾವ ಕಚೇರಿಗೆ ಸೇರುತ್ತದೆಂದು ನೋಡಿ ಮಾರುವವರಿಗೆ ಬರೆದು ಕೊಡಬೇಕು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೂ ಅವರ ಸಹಿಯನ್ನು ಅಲ್ಲೇ ಹಾಕಿಸಿಕೊಳ್ಳಬೇಕು. ಒಂದು ಸಹಿ ಬಿಟ್ಟುಹೋಯಿತೆಂದು ಆಮೇಲೆ ಅವರನ್ನು ಹುಡುಕಿಕೊಂಡು ಹೋಗುವುದು ಆಗುವ ಮಾತಲ್ಲ.

ಗಾಡಿ ಊರು ಸೇರಿದ ಮೇಲಿನ ಕೆಲಸ ಅಷ್ಟು ಕಷ್ಟದ್ದಲ್ಲ. ಹೊಸ ನಂಬರಿಗೆ ಫಾರಂ 27, ಜೊತೆಗೆ ಎನ್‌ಒಸಿ, ಆರ್‌ಸಿ, ಮೊದಲ ಇನ್‌ವಾಯ್ಸ್, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ವಿಳಾಸದ ದಾಖಲೆ. ಇವುಗಳಲ್ಲಿ ಇನ್‌ವಾಯ್ಸ್ ಕಳೆದಿದ್ದರೆ ತೆರಿಗೆ ಲೆಕ್ಕಕ್ಕೆ ಬೆಲೆ ಯಾವುದು ಎಂಬ ಚರ್ಚೆ ಶುರುವಾಗುತ್ತದೆ, ಅದು ಕೊಂಡವರ ಪರವಾಗಿ ಮುಗಿಯುವುದು ಕಡಿಮೆ. ಅರ್ಜಿಯ ಶುಲ್ಕವೆಲ್ಲ ತೆರಿಗೆಯ ಮುಂದೆ ಲೆಕ್ಕಕ್ಕಿಲ್ಲದಷ್ಟು.

‘ಹನ್ನೆರಡು ತಿಂಗಳು ಹೊರರಾಜ್ಯದ ನಂಬರಿನಲ್ಲೇ ಓಡಿಸಬಹುದಲ್ಲ’ ಎಂದು ಕೇಳುವವರಿದ್ದಾರೆ. ಕಾಯ್ದೆಯ 47ನೇ ಸೆಕ್ಷನ್ ಆ ಅವಕಾಶ ಕೊಡುವುದು ನಿಜ. ಮೂವತ್ತು ದಿನಕ್ಕೇ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2016ರಲ್ಲಿ ರದ್ದು ಮಾಡಿದ್ದೂ ಇದೇ ಆಧಾರದ ಮೇಲೆ. ಆದರೆ ಆ ರಿಯಾಯಿತಿ ಒಪ್ಪುವುದು ವರ್ಗವಾಗಿ ಬಂದು ತಮ್ಮ ಕಾರನ್ನು ಜೊತೆಗೆ ತಂದವರಿಗೆ. ಇಲ್ಲೇ ಇರುವವರು ಕಾರು ಕೊಂಡರೆ 50ನೇ ಸೆಕ್ಷನ್ ಪ್ರಕಾರ ಮೂವತ್ತು ದಿನದಲ್ಲಿ ತಮ್ಮ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಕರ್ನಾಟಕದ ವಿಳಾಸಕ್ಕೆ ಆರ್‌ಸಿ ಬರುವಾಗ ಹಿಂದೆಯೇ ತೆರಿಗೆಯೂ ಬರುತ್ತದೆ.

ಹೆಸರನ್ನೇ ಬದಲಿಸದೆ ಓಡಿಸಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸುದ್ದಿಯಾದ ಎರಡು ರೋಲ್ಸ್ ರಾಯ್ಸ್ ಕಾರುಗಳೇ ಸಾಕ್ಷಿ. ಹಿಂದಿ ಚಿತ್ರರಂಗದ ಇಬ್ಬರು ದೊಡ್ಡ ನಟರ ಹಳೆಯ ಗಾಡಿಗಳು ಅವು. ಕೊಂಡವರು ನಗರದ ಒಬ್ಬ ಉದ್ಯಮಿ. ಮಹಾರಾಷ್ಟ್ರದ ನಂಬರಿನಲ್ಲೇ ವರ್ಷ ಮೀರಿ ಓಡಾಡಿದ್ದಕ್ಕೆ ಸಾರಿಗೆ ಇಲಾಖೆ ಎರಡಕ್ಕೂ ಸೇರಿ 38 ಲಕ್ಷ ರೂಪಾಯಿಗೂ ಹೆಚ್ಚು ಕಟ್ಟಿಸಿಕೊಂಡಿತು. ಮಾರಿದವರಿಗೂ ಇದರಲ್ಲಿ ಎಚ್ಚರಿಕೆಯಿದೆ: ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೀಗಾಗಿ ಬೇಗ ಎನ್‌ಒಸಿ ಕೊಡಿಸುವುದು ಮಾರುವವರ ಹಿತಕ್ಕೂ ಸೇರಿದ್ದು. ತಡಮಾಡುವವರಿಗೆ ಇದನ್ನು ನೆನಪಿಸಿದರೆ ಕೆಲಸ ಕೊಂಚ ಚುರುಕಾಗುವುದುಂಟು.

ಹೊಸ ನಂಬರು ಸಿಕ್ಕ ಮೇಲೆ ಮೂರು ಚಿಲ್ಲರೆ ಕೆಲಸ ಉಳಿಯುತ್ತದೆ. ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಲು ಗಾಡಿ ಕೊಂಡ ಹದಿನಾಲ್ಕು ದಿನದಲ್ಲೇ ಅರ್ಜಿ ಹಾಕಿರಬೇಕು, ಈಗ ಪಾಲಿಸಿಯಲ್ಲಿ ಕೆಎ ನಂಬರನ್ನೂ ಸೇರಿಸಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಕಾರಿನ ಜೊತೆ ಬರುವುದಿಲ್ಲವಾದ್ದರಿಂದ ಕಂತು ತುಸು ಏರುತ್ತದೆ. ಹಳೆಯ ನಂಬರಿನ ಫಾಸ್ಟ್ಯಾಗ್ ಮುಚ್ಚಿಸಿ ಹೊಸದನ್ನು ಅಂಟಿಸಬೇಕು. ಕಾರು ಬಿಟ್ಟು ಬಂದ ರಾಜ್ಯದಲ್ಲಿ ಉಳಿದ ಅವಧಿಯ ತೆರಿಗೆ ವಾಪಸ್ ಕೊಡುವ ವ್ಯವಸ್ಥೆಯಿದ್ದರೆ ಹೊಸ ಆರ್‌ಸಿಯ ಪ್ರತಿಯೊಂದಿಗೆ ಅಲ್ಲಿನ ಆರ್‌ಟಿಒಗೆ ಅರ್ಜಿ ಹಾಕಬೇಕು. ಆ ಹಣ ಯಾರಿಗೆ ಸೇರಬೇಕೆಂಬುದನ್ನು ವ್ಯಾಪಾರ ಕುದುರಿಸುವ ದಿನವೇ ಮಾರುವವರ ಜೊತೆ ಮಾತಾಡಿ ಕರಾರಿನಲ್ಲಿ ಬರೆಸಿಕೊಂಡಿರಬೇಕು, ಏಕೆಂದರೆ ಅಲ್ಲಿನ ದಾಖಲೆಯಲ್ಲಿ ತೆರಿಗೆ ಕಟ್ಟಿದವರ ಹೆಸರು ಅವರದೇ.