ಮಾರಾಟ ಏರುತ್ತಿದ್ದರೂ ಬ್ರ್ಯಾಂಡಿಗೆ ವಯಸ್ಸಾಗಿದೆಯೇ?

1993ರಲ್ಲಿ ಭಾರತಕ್ಕೆ ಮರಳಿದ ಕೋಕ-ಕೋಲಾ, ತನ್ನ ಗೈರುಹಾಜರಿಯಲ್ಲೇ ಬೆಳೆದು ನಿಂತ ಎದುರಾಳಿಯನ್ನು ದುಡ್ಡು ಕೊಟ್ಟು ಕೊಂಡಿತು. 1977ರಲ್ಲಿ ಅದು ದೇಶ ಬಿಟ್ಟು ಹೋದಾಗ ಖಾಲಿಯಾದ ಜಾಗಕ್ಕೆ ಪಾರ್ಲೆಯ ಚೌಹಾಣ್ ಸೋದರರು ಥಮ್ಸ್ ಅಪ್ ತಂದಿದ್ದರು. ಹದಿನಾರು ವರ್ಷಗಳ ನಂತರ ರಮೇಶ್ ಚೌಹಾಣ್ ಅದನ್ನೂ, ಜೊತೆಗೆ ಲಿಮ್ಕಾ, ಗೋಲ್ಡ್ ಸ್ಪಾಟ್, ಸಿಟ್ರಾ, ಮಾಜಾಗಳನ್ನೂ ಕೋಕ್‌ಗೆ ಮಾರಿದರು.

ಹೊಸ ಯಜಮಾನರ ಕಣ್ಣಿಗೆ ಥಮ್ಸ್ ಅಪ್ ದಿನ ಮುಗಿದ ಬ್ರ್ಯಾಂಡ್. ಅದರ ಜಾಹೀರಾತಿನ ಹಣ ಕಡಿಮೆಯಾಯಿತು. ಅದನ್ನು ಕುಡಿಯುವವರೆಲ್ಲ ನಿಧಾನವಾಗಿ ಕೋಕ್‌ಗೆ ಬರುತ್ತಾರೆ ಎಂಬುದು ಲೆಕ್ಕಾಚಾರ. ಆದರೆ ಗಂಟಲಿಗೆ ಚುರುಕು ಮುಟ್ಟಿಸುವ ಖಾರದ ಕೋಲಾ ಬಯಸುವವರಿಗೆ ಕೋಕ್ ಸಪ್ಪೆ ಎನಿಸಿತು. ಥಮ್ಸ್ ಅಪ್ ಕುಗ್ಗಿದರೆ ಲಾಭವಾಗುವುದು ಪೆಪ್ಸಿಗೆ ಎಂದು ಅರಿವಾದ ಮೇಲೆ ಕಂಪನಿ ಪಟ್ಟು ಬದಲಿಸಿತು. 'ಗ್ರೋ ಅಪ್ ಟು ಥಮ್ಸ್ ಅಪ್' ಎಂಬ ಪ್ರಚಾರ ಬಂತು, ಖರ್ಚು ಮತ್ತೆ ಏರಿತು. 2021ರಲ್ಲಿ ಇದೇ ಬ್ರ್ಯಾಂಡ್ ಭಾರತದಲ್ಲಿ ವರ್ಷಕ್ಕೆ ನೂರು ಕೋಟಿ ಡಾಲರ್ ವಹಿವಾಟು ದಾಟಿತು ಎಂದು ಕೋಕ-ಕೋಲಾ ಹೇಳಿಕೊಂಡಿತು. ಅದೇ ಗಂಟಿನಲ್ಲಿ ಬಂದಿದ್ದ ಗೋಲ್ಡ್ ಸ್ಪಾಟ್‌ಗೆ ಈ ಅದೃಷ್ಟ ಇರಲಿಲ್ಲ. ಫ್ಯಾಂಟಾಗೆ ದಾರಿ ಬಿಟ್ಟು ಅದು ಮಾರುಕಟ್ಟೆಯಿಂದ ಮರೆಯಾಯಿತು.

ಸರಕಿಗೂ ಮನುಷ್ಯರಂತೆ ಹುಟ್ಟು, ಬೆಳವಣಿಗೆ, ಪ್ರೌಢತೆ, ಇಳಿಗಾಲ ಇರುತ್ತವೆ ಎಂಬ ಮಾತನ್ನು ವ್ಯಾಪಾರ ಜಗತ್ತಿನಲ್ಲಿ ಜನಪ್ರಿಯಗೊಳಿಸಿದ್ದು ಹಾರ್ವರ್ಡ್‌ನ ಥಿಯೊಡೋರ್ ಲೆವಿಟ್, 1965ರ ಒಂದು ಲೇಖನದಲ್ಲಿ. ಹನ್ನೊಂದು ವರ್ಷಗಳ ನಂತರ ಅದೇ ಪತ್ರಿಕೆಯಲ್ಲಿ ಧಲ್ಲಾ ಮತ್ತು ಯೂಸ್ಪೆ ಎಂಬಿಬ್ಬರು 'ಈ ಕಲ್ಪನೆಯನ್ನೇ ಮರೆತುಬಿಡಿ' ಎಂದು ಬರೆದರು. ಮಾರಾಟ ಸ್ವಲ್ಪ ತಗ್ಗಿದ ಕೂಡಲೇ ಇಳಿಗಾಲ ಬಂತೆಂದು ಜಾಹೀರಾತು ನಿಲ್ಲಿಸುತ್ತಾರೆ, ನಿಲ್ಲಿಸಿದ್ದರಿಂದಲೇ ಬ್ರ್ಯಾಂಡ್ ಸಾಯುತ್ತದೆ, ಆಮೇಲೆ 'ನೋಡಿ, ಹೇಳಿರಲಿಲ್ಲವೇ' ಎನ್ನುತ್ತಾರೆ ಎಂಬುದು ಅವರ ತಕರಾರು. ಥಮ್ಸ್ ಅಪ್ ಕಥೆ ನೋಡಿದರೆ ಈ ತಕರಾರಿನಲ್ಲಿ ಹುರುಳಿದೆ. ಆದರೂ ಬೆಲೆ ಏರಿಸುವುದೋ ಇಳಿಸುವುದೋ, ಸ್ಕೀಮ್ ಕೊಡುವುದೋ ನಿಲ್ಲಿಸುವುದೋ ಎಂದು ತೀರ್ಮಾನಿಸುವ ಮ್ಯಾನೇಜರಿಗೆ ಬ್ರ್ಯಾಂಡ್ ಯಾವ ಹಂತದಲ್ಲಿದೆ ಎಂದು ತಿಳಿಯದೆ ಗತ್ಯಂತರವಿಲ್ಲ. ಮಾರಾಟದ ಮೊತ್ತವೊಂದನ್ನೇ ನೋಡಿ ಅದನ್ನು ಹೇಳಲು ಹೊರಟರೆ ಎಡವುವುದು ಖಂಡಿತ.

ಉದಾಹರಣೆಗೆ ಒಂದು ನಿಂಬೆ ಸೋಡಾ ಬ್ರ್ಯಾಂಡನ್ನು ಕಲ್ಪಿಸಿಕೊಳ್ಳೋಣ. ಹೋದ ವರ್ಷ 96 ಸಾವಿರ ಕ್ರೇಟ್ ಹೋಗಿತ್ತು, ಈ ವರ್ಷ ಒಂದು ಲಕ್ಷ. ಶೇ. 4ರಷ್ಟು ಏರಿಕೆ, ಮೀಟಿಂಗಿನಲ್ಲಿ ಚಪ್ಪಾಳೆ. ಈಗ ಅಂಗಡಿಗಳನ್ನು ಎಣಿಸಬೇಕು. ಹೋದ ವರ್ಷ 20 ಸಾವಿರ ಅಂಗಡಿಗಳಲ್ಲಿ ಮಾಲು ಇತ್ತು, ಈ ವರ್ಷ 22 ಸಾವಿರ. ಹೊಸದಾಗಿ ಸೇರಿದ ಎರಡು ಸಾವಿರ ಅಂಗಡಿಗಳು ತಲಾ ಮೂರು ಕ್ರೇಟ್ ಮಾರಿದ್ದರೆ ಅಲ್ಲಿಗೆ ಆರು ಸಾವಿರವಾಯಿತು. ಉಳಿದ 94 ಸಾವಿರ ಕ್ರೇಟ್ ಹಳೆಯ ಅಂಗಡಿಗಳದ್ದು. ಅಂದರೆ ಹಳೆಯ ಅಂಗಡಿಗಳಲ್ಲಿ ಮಾರಾಟ ಸುಮಾರು ಶೇ. 2ರಷ್ಟು ಇಳಿದಿದೆ. ಇದೇ ಹೊತ್ತಿಗೆ ಊರಿನಲ್ಲಿ ಒಟ್ಟಾರೆ ತಂಪು ಪಾನೀಯದ ವ್ಯಾಪಾರ ಶೇ. 9ರಷ್ಟು ಬೆಳೆದಿದ್ದರೆ ಬ್ರ್ಯಾಂಡಿನ ಪಾಲೂ ಕರಗುತ್ತಿದೆ. ಹೊಸ ಅಂಗಡಿ ಹಿಡಿಯುವುದು ಎಂದಾದರೊಂದು ದಿನ ಮುಗಿಯುವ ಕೆಲಸ. ಅದು ಮುಗಿದ ವರ್ಷ ಒಟ್ಟು ಮೊತ್ತವೂ ಬೀಳುತ್ತದೆ, ಎಲ್ಲರೂ ಬೆಚ್ಚಿಬೀಳುತ್ತಾರೆ.

ಅಂಗಡಿ ಎಣಿಸಿದರೂ ಮೋಸ ಹೋಗುವ ಇನ್ನೊಂದು ಜಾಗವಿದೆ. ಕಂಪನಿಯ ಪುಸ್ತಕದಲ್ಲಿ ಕಾಣುವುದು ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರನ ಗೋಡೌನಿಗೆ ಹೋದ ಮಾಲು. ಈ ವ್ಯಾಪಾರದಲ್ಲಿ ಅದನ್ನು ಪ್ರೈಮರಿ ಎನ್ನುತ್ತಾರೆ. ಅಲ್ಲಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಗಿರಾಕಿ ಕುಡಿದದ್ದು ಎಷ್ಟು ಎಂಬುದು ಎರಡರಲ್ಲೂ ಇರುವುದಿಲ್ಲ. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಬೇಕಾದ ಸೇಲ್ಸ್‌ಮನ್ ಬೇಕರಿಯ ಮುಂದೆ ಗಾಡಿ ನಿಲ್ಲಿಸಿ, "ಅಣ್ಣಾ, ಹತ್ತಕ್ಕೊಂದು ಫ್ರೀ, ಇವತ್ತೇ ಲಾಸ್ಟು" ಎನ್ನುತ್ತಾನೆ. ಅಂಗಡಿಯವನು ಒಳಗೆ ಕೈ ತೋರಿಸುತ್ತಾನೆ: "ಹೋದ್ ಸಲದ್ದೇ ಇನ್ನೂ ಹಂಗೇ ಐತಲ್ಲಪ್ಪಾ." ಆದರೂ ಫ್ರೀ ಎಂದರೆ ಇನ್ನೆರಡು ಕ್ರೇಟ್ ಇಳಿಸಿಕೊಳ್ಳುತ್ತಾನೆ. ಆ ತಿಂಗಳು ಗ್ರಾಫ್ ಮೇಲೇರುತ್ತದೆ, ಮುಂದಿನ ತಿಂಗಳು ಅಷ್ಟೇ ಕೆಳಗಿಳಿಯುತ್ತದೆ. ಸಣ್ಣ ಪೆಟ್ ಬಾಟಲಿಯಲ್ಲಿ ಗ್ಯಾಸ್ ಬೇಗ ಇಳಿಯುವುದರಿಂದ, ಹಾಗೆ ಉಳಿದ ಮಾಲನ್ನು ಕುಡಿದವನಿಗೆ ಸಿಗುವುದು ಸಪ್ಪೆ ಸಕ್ಕರೆ ನೀರು. ಅನುಭವಸ್ಥ ಮಾರಾಟಗಾರರು ಕಂಪ್ಯೂಟರಿಗಿಂತ ಮೊದಲು ಅಂಗಡಿಯ ಕೂಲರ್ ತೆರೆದು ಬಾಟಲಿ ತಯಾರಾದ ತಾರೀಕು ನೋಡುವುದು ಇದಕ್ಕೇ. ತಾರೀಕು ಹಳೆಯದಾಗುತ್ತ ಬಂದಿದ್ದರೆ ಮಾಲು ಹೋಗುತ್ತಿಲ್ಲ, ನೂಕಲಾಗುತ್ತಿದೆ.

ಇದರ ಮೇಲೆ ಮಳೆಯ ಕಾಟ. ಈ ಪಾನೀಯಗಳು ವರ್ಷದ ಅನ್ನ ಸಂಪಾದಿಸುವುದು ಏಪ್ರಿಲ್‌ನಿಂದ ಜೂನ್‌ವರೆಗೆ. 2025ರ ಮೇ ತಿಂಗಳಲ್ಲಿ ಮುಂಗಾರು ಅವಧಿಗೆ ಮೊದಲೇ ಬಂದು ಕೂತಾಗ, ಪೆಪ್ಸಿ ತುಂಬಿಸಿ ಮಾರುವ ವರುಣ್ ಬೆವರೇಜಸ್‌ನಂಥ ದೊಡ್ಡ ಕಂಪನಿಯ ಮಾರಾಟವೂ ಕುಸಿಯಿತು. ಅದು ಮೋಡದ ಕೆಲಸ, ಬ್ರ್ಯಾಂಡಿನ ವಯಸ್ಸಿನದ್ದಲ್ಲ. ಹೀಗಾಗಿ ತಿಂಗಳಿಗೆ ತಿಂಗಳು ಹೋಲಿಸದೆ ಹಿಂದಿನ ಹನ್ನೆರಡು ತಿಂಗಳ ಮೊತ್ತವನ್ನು ಪ್ರತಿ ತಿಂಗಳೂ ಲೆಕ್ಕ ಹಾಕಿ ನೋಡಬೇಕಾಗುತ್ತದೆ. ಸ್ಕೀಮ್ ಇದ್ದ ವಾರಗಳನ್ನು ಬದಿಗಿಟ್ಟು, ಸ್ಕೀಮ್ ಇಲ್ಲದಾಗ ಎಷ್ಟು ಹೋಗುತ್ತದೆ ಎಂಬುದನ್ನು ಬೇರೆಯಾಗಿ ತೆಗೆಯಬೇಕು.

ಇಷ್ಟು ಸೋಸಿದ ಮೇಲೂ ಮಾರಾಟ ನಿಂತಿದೆ ಎಂದಿಟ್ಟುಕೊಳ್ಳೋಣ. ಪ್ರೌಢತೆಯೋ ಇಳಿಗಾಲವೋ ಎಂಬುದನ್ನು ಈಗ ಕುಡಿಯುವವರನ್ನೇ ಎಣಿಸಿ ಹೇಳಬೇಕು. ಕುಡಿಯುವ ಮನೆಗಳ ಸಂಖ್ಯೆ ಹಾಗೇ ಇದ್ದು, ವಾರಕ್ಕೆರಡು ಬಾಟಲಿ ತರುತ್ತಿದ್ದವರು ಒಂದಕ್ಕೆ ಇಳಿದಿದ್ದರೆ ಅದು ಪ್ರೌಢತೆ. ಜನ ಬಿಟ್ಟಿಲ್ಲ, ಇನ್ನೊಂದನ್ನೂ ಜೊತೆಗೆ ಕುಡಿಯುತ್ತಿದ್ದಾರೆ. ಪುತ್ತೂರಿನ ಬಿಂದು ಜೀರಾ ಬಂದಾಗ ಎಷ್ಟೋ ಜನ ಕೋಲಾ ಬಿಡದೆಯೇ ಅದನ್ನೂ ಹಿಡಿದ ಹಾಗೆ. ಮನೆಗಳೇ ಕಡಿಮೆಯಾಗುತ್ತಿದ್ದು, ಕಾಲೇಜಿನ ವಯಸ್ಸಿನವರು ಹೊಸದಾಗಿ ಸೇರುತ್ತಿಲ್ಲವಾದರೆ ಮಾತ್ರ ಇಳಿಗಾಲದ ಅನುಮಾನ ಗಟ್ಟಿ. 1990ರ ದಶಕದಲ್ಲಿ ಥಮ್ಸ್ ಅಪ್ ಮೊದಲನೆಯ ಗುಂಪಿನಲ್ಲಿತ್ತು, ಅದನ್ನು ಎರಡನೆಯ ಗುಂಪಿಗೆ ಸೇರಿಸಿ ಔಷಧಿ ಕೊಟ್ಟರು ಎಂದರೆ ತಪ್ಪಾಗಲಾರದು.

ಹಂತ ಗೊತ್ತಾದ ಮೇಲೆ ಬೆಲೆಯ ಪ್ರಶ್ನೆ. ನಮ್ಮ ನಿಂಬೆ ಸೋಡಾ 250 ಮಿಲಿಲೀಟರಿಗೆ 20 ರೂಪಾಯಿ ಎನ್ನೋಣ. ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ ಜಿಎಸ್‌ಟಿ ಶೇ. 40, ಮೊದಲು ಶೇ. 28ರ ತೆರಿಗೆ, ಶೇ. 12ರ ಸೆಸ್ ಇತ್ತು, 2025ರ ಸೆಪ್ಟೆಂಬರಿನಿಂದ ಎಲ್ಲ ಒಂದೇ ದರ. ಎಂಆರ್‌ಪಿಯ 20 ರೂಪಾಯಿಯಲ್ಲಿ ಸುಮಾರು 5 ರೂಪಾಯಿ 70 ಪೈಸೆ ಸರ್ಕಾರಕ್ಕೆ. ಅಂಗಡಿ ಮತ್ತು ಡಿಸ್ಟ್ರಿಬ್ಯೂಟರನ ಪಾಲು ಕಳೆದು ಕಂಪನಿಗೆ 11 ರೂಪಾಯಿ ಸಿಕ್ಕಿ, ಬಾಟಲಿ, ಸಕ್ಕರೆ, ಗ್ಯಾಸ್, ಸಾಗಣೆಗೆ 7 ಹೋದರೆ ಉಳಿಯುವುದು 4 ರೂಪಾಯಿ.

ಬೆಲೆಯನ್ನು 2 ರೂಪಾಯಿ ಇಳಿಸಿದರೆ, ತೆರಿಗೆ ಮತ್ತು ಕಮಿಷನ್ನೂ ಅದಕ್ಕೆ ತಕ್ಕಂತೆ ತಗ್ಗಿ, ಕಂಪನಿಗೆ ಸುಮಾರು 1 ರೂಪಾಯಿ 10 ಪೈಸೆ ಖೋತಾ. ಉಳಿಕೆ 2 ರೂಪಾಯಿ 90 ಪೈಸೆಗೆ ಇಳಿಯಿತು. ಮೊದಲಿನಷ್ಟೇ ಲಾಭ ಬರಬೇಕಾದರೆ ಮಾರಾಟ ಸುಮಾರು ಶೇ. 38ರಷ್ಟು ಹೆಚ್ಚಬೇಕು. ಎಲ್ಲರೂ ಒಮ್ಮೆಯಾದರೂ ಕುಡಿದಿರುವ, ಎಲ್ಲ ಅಂಗಡಿಯಲ್ಲೂ ಸಿಗುವ ಪಾನೀಯಕ್ಕೆ ಅಷ್ಟು ಹೊಸ ಗಿರಾಕಿ ಎಲ್ಲಿಂದ ಬರಬೇಕು? ಅದೇ 2 ರೂಪಾಯಿ ಏರಿಸಿದರೆ ಉಳಿಕೆ 5 ರೂಪಾಯಿ 10 ಪೈಸೆ, ಮಾರಾಟ ಸುಮಾರು ಶೇ. 22ರಷ್ಟು ಬಿದ್ದರೂ ಲಾಭ ಮೊದಲಿನಷ್ಟೇ ಇರುತ್ತದೆ. ಪ್ರೌಢ ಬ್ರ್ಯಾಂಡಿಗೆ ಬೆಲೆ ಇಳಿಕೆ ದುಬಾರಿ ಎನ್ನುವುದಕ್ಕೆ ಈ ಸರಳ ಲೆಕ್ಕವೇ ಸಾಕ್ಷಿ.

ಬೆಳೆಯುವ ಹಂತದಲ್ಲಿ ಕಥೆ ಬೇರೆ. 2003ರ ಬೇಸಿಗೆಯಲ್ಲಿ ಕೋಕ್ 200 ಮಿಲಿಲೀಟರಿನ ಗಾಜಿನ ಬಾಟಲಿಯನ್ನು 5 ರೂಪಾಯಿಗೆ ಕೊಟ್ಟು, ಅಮೀರ್ ಖಾನ್ ಕೈಲಿ 'ಠಂಡಾ ಮತ್‌ಲಬ್ ಕೋಕ-ಕೋಲಾ' ಎನ್ನಿಸಿತು. ಹಳ್ಳಿಗಳಲ್ಲಿ ಸೀಸೆಯ ಕೋಲಾವನ್ನು ದುಡ್ಡು ಕೊಟ್ಟು ಕುಡಿಯದವರೇ ಹೆಚ್ಚಿದ್ದ ಕಾಲ ಅದು. ಅಲ್ಲಿ ಮಾರಾಟ ಜಿಗಿಯಲು ಜಾಗವಿತ್ತು, ಜಾಹೀರಾತು ಕೂಡ ರುಚಿಯ ಮಾತೆತ್ತದೆ ಬಾಯಾರಿಕೆಯನ್ನೇ ಹಿಡಿಯಿತು. ಆದರೂ 5 ರೂಪಾಯಿ ಬಹಳ ಕಾಲ ನಿಲ್ಲಲಿಲ್ಲ, ಖರ್ಚು ಅದನ್ನು ಮೇಲಕ್ಕೆ ತಳ್ಳಿತು.

ಹಾಗಾದರೆ ನಿಂಬೆ ಸೋಡಾದ ಬೆಲೆ 22 ಮಾಡಿಬಿಡಬಹುದೇ? ಕಾಗದದ ಮೇಲೆ ಸರಿ. ಗೂಡಂಗಡಿಯಲ್ಲಿ 2 ರೂಪಾಯಿ ಚಿಲ್ಲರೆ ಹುಡುಕುವವರಾರು. ಅಂಗಡಿಯವನು ಬದಲಿಗೆ ಚಾಕಲೇಟು ಕೊಡುತ್ತಾನೆ, ಇಲ್ಲವೇ ಪಕ್ಕದ 20 ರೂಪಾಯಿಯ ಬಾಟಲಿ ತೆಗೆದುಕೊಡುತ್ತಾನೆ. ಈ ವ್ಯಾಪಾರ 10, 20, 40ರ ಮೆಟ್ಟಿಲಲ್ಲೇ ನಡೆಯುವುದರಿಂದ ಬೆಲೆ ಹಾಗೇ ಇಟ್ಟು ಅಳತೆ ಕಡಿಮೆ ಮಾಡುವುದು ರೂಢಿ. ಅದಕ್ಕಿಂತ ಜಾಣ ದಾರಿ ಅಮೆರಿಕದಲ್ಲಿ ಕಂಡಿತು. ಅಲ್ಲಿ ಸೋಡಾ ಕುಡಿಯುವುದೇ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಾಗ ಕೋಕ್ ಏಳೂವರೆ ಔನ್ಸಿನ ಪುಟ್ಟ ಡಬ್ಬಿಯನ್ನು ಮುಂದೆ ಮಾಡಿತು. ಔನ್ಸ್ ಲೆಕ್ಕದಲ್ಲಿ ಅದು ದೊಡ್ಡ ಡಬ್ಬಿಗಿಂತ ತುಟ್ಟಿ. ಸಕ್ಕರೆಗೆ ಹೆದರುವವರು ಕಡಿಮೆ ಕುಡಿದೆವೆಂಬ ಸಮಾಧಾನಕ್ಕೆ ಹೆಚ್ಚು ಕೊಟ್ಟರು.

ಪಕ್ಕದವನು ಸುಮ್ಮನಿದ್ದರೆ ಮಾತ್ರ ಈ ಲೆಕ್ಕಗಳೆಲ್ಲ ನಿಲ್ಲುತ್ತವೆ. 2023ರಲ್ಲಿ ರಿಲಯನ್ಸ್ ಹಳೆಯ ಕ್ಯಾಂಪಾವನ್ನು ಎಬ್ಬಿಸಿ 200 ಮಿಲಿಲೀಟರಿಗೆ 10 ರೂಪಾಯಿ ಎಂದಾಗ, ಬೆಲೆ ಏರಿಸಲು ಹೊರಟವರು ಕೈ ಹಿಂತೆಗೆಯಬೇಕಾಯಿತು. ಇಂಥ ಹೊತ್ತಿನಲ್ಲಿ 20 ರೂಪಾಯಿಯ ಬಾಟಲಿಯನ್ನು ಮುಟ್ಟದೆ, 10 ರೂಪಾಯಿಗೆ ಚಿಕ್ಕದೊಂದನ್ನು ಬೇರೆ ಇಡುವುದು ಕಡಿಮೆ ನಷ್ಟದ ದಾರಿ. ಅಗ್ಗ ಬೇಕಾದವನಿಗೆ ಮಾತ್ರ ಅದು ಹೋಗುತ್ತದೆ, ಉಳಿದವರಿಂದ ಬರುವ 4 ರೂಪಾಯಿ ಉಳಿಯುತ್ತದೆ.

ಪ್ರಚಾರದ ಹಣವನ್ನೂ ಇದೇ ಬಗೆಯಲ್ಲಿ ಸರಿಸಬೇಕಾಗುತ್ತದೆ. ಹತ್ತಕ್ಕೊಂದು ಫ್ರೀ ಕೊಡುವ ಕಂಪನಿ ತನ್ನ ಬೊಕ್ಕಸದಿಂದ ಅಂಗಡಿಯ ಗೋಡೌನ್ ತುಂಬಿಸುತ್ತಿದೆಯೇ ಹೊರತು ಗಿರಾಕಿಯ ನೆನಪನ್ನಲ್ಲ. ಆ ಹಣದಲ್ಲಿ ಅರ್ಧವನ್ನು ಕೂಲರಿಗೂ ಊಟದ ಹೋಟೆಲುಗಳಿಗೂ ತಿರುಗಿಸಿದರೆ ವಾರಕ್ಕೊಂದು ಕುಡಿಯುವವನು ಎರಡನೆಯದನ್ನು ಕೇಳುತ್ತಾನೆಯೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಹಾಸನದಲ್ಲಿ ಸ್ಕೀಮ್ ನಿಲ್ಲಿಸಿ, ಹೆಚ್ಚುಕಡಿಮೆ ಅಂಥದ್ದೇ ವ್ಯಾಪಾರವಿರುವ ತುಮಕೂರಿನಲ್ಲಿ ಮುಂದುವರಿಸಿ, ಎರಡೂ ಕಡೆ ಹಳೆಯ ಅಂಗಡಿಗಳ ಸೆಕೆಂಡರಿಯನ್ನು ಹನ್ನೆರಡು ವಾರ ಅಳೆಯಬಹುದು. ಮೊದಲ ನಾಲ್ಕು ವಾರ ಹಾಸನದ ಅಂಕಿ ಬಿದ್ದೇ ಬೀಳುತ್ತದೆ, ಯಾಕೆಂದರೆ ಅಂಗಡಿಗಳು ಆಗಲೇ ತುಂಬಿಸಿಟ್ಟ ಮಾಲನ್ನು ಕರಗಿಸುತ್ತಿರುತ್ತವೆ. ತೀರ್ಪು ಕೊಡಬೇಕಾದದ್ದು ಕೊನೆಯ ನಾಲ್ಕು ವಾರಗಳ ಅಂಕಿಯ ಮೇಲೆ, ಅದೂ ಎರಡೂ ಊರಿನಲ್ಲಿ ಬಿಸಿಲು ಮಳೆ ಒಂದೇ ತೆರನಾಗಿ ಇದ್ದಿದ್ದರೆ.