ಖಾಲಿ ಜಾಗ ಮಾತ್ರ ಸಾಲದು: ಎಂ.ಎ. ಪ್ರಬಂಧಕ್ಕೊಂದು ಪ್ರಶ್ನೆ

"ಈ ವಿಷಯದ ಮೇಲೆ ನಮ್ಮ ಜಿಲ್ಲೆಯಲ್ಲಿ ಯಾರೂ ಕೆಲಸ ಮಾಡಿಲ್ಲ ಸರ್." ಪ್ರಬಂಧದ ವಿಷಯ ಒಪ್ಪಿಸಲು ಗೈಡ್ ಎದುರು ಕೂತ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೇಳುವ ಮಾತಿದು. ಯಾರೂ ಮಾಡಿಲ್ಲ ಎಂಬುದು ನಿಜವೇ ಇರಬಹುದು, ಅಷ್ಟಕ್ಕೇ ಅದು ಸಂಶೋಧನೆಯ ಪ್ರಶ್ನೆ ಆಗುವುದಿಲ್ಲ. ಬೇರೆ ಕಡೆ ಸಿಕ್ಕ ಉತ್ತರ ಇಲ್ಲಿ ಬದಲಾಗಲು ಕಾರಣವೇನು ಎಂದು ಹೇಳಲು ಬಂದರೆ ಮಾತ್ರ ಆ ಖಾಲಿ ಜಾಗಕ್ಕೆ ಬೆಲೆ.

ಅರ್ಥಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ಮಹಿಳೆಯರ ಉಚಿತ ಬಸ್ ಪ್ರಯಾಣವನ್ನು ವಿಷಯವಾಗಿ ಹಿಡಿದಿದ್ದಾಳೆ ಎಂದುಕೊಳ್ಳೋಣ. ದೆಹಲಿಯಲ್ಲಿ ಇದು 2019ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಬಂತು. ನಮ್ಮ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕಳೆದ ನಾಲ್ಕೈದು ವರ್ಷಗಳ ಹತ್ತು ಹದಿನೈದು ಪೇಪರ್‌ಗಳನ್ನು ಅವಳು ಕೂಡಿಸಿಕೊಳ್ಳಲಿ.

ಪೇಪರ್ ಕೈಗೆ ಬಂದ ಕೂಡಲೇ ಹಲವರು ಕೊನೆಯ ಪುಟಕ್ಕೆ ಹೋಗಿ, ಮುಂದಿನ ಸಂಶೋಧನೆಗೆ ಲೇಖಕರು ಕೊಟ್ಟ ಸೂಚನೆಗಳಿಂದಲೇ ಪ್ರಶ್ನೆ ಎತ್ತಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಕಡೆಗೆ ನೋಡಬೇಕಾದ ಜಾಗ. ಅಲ್ಲಿರುವುದು ಎಷ್ಟೋ ಸಲ ಲೇಖಕರು ತಾವೇ ಆಗಲೇ ಕೈಹಾಕಿರುವ ಕೆಲಸ, ಇಲ್ಲವೇ ಇನ್ನೂ ದೊಡ್ಡ ಸಮೀಕ್ಷೆ ಬೇಕು ಎಂಬಂಥ ಮಾತು. ಬಿಟ್ಟುಹೋದದ್ದು ಕಾಣುವುದು ಅಧ್ಯಯನದ ವಿಧಾನ ಹೇಳುವ ಭಾಗದಲ್ಲಿ. ಯಾರನ್ನು ಕೇಳಿದರು, ಎಲ್ಲಿ ನಿಂತು ಕೇಳಿದರು, ಯಾವಾಗ, ಏನನ್ನು ಎಣಿಸಿದರು, ಏನು ಸಿಕ್ಕಿತು ಎಂದು ಪ್ರತಿ ಪೇಪರಿಗೂ ಒಂದು ಸಾಲು ಬರೆದು ಕೋಷ್ಟಕ ಮಾಡಬೇಕು. ಆಮೇಲೆ ಅದನ್ನು ಮೇಲಿನಿಂದ ಕೆಳಕ್ಕೆ, ಒಂದೊಂದೇ ಕಂಬವಾಗಿ ಓದಬೇಕು.

'ಎಲ್ಲಿ' ಎಂಬ ಕಂಬದ ತುಂಬ ಸರ್ಕಾರಿ ಬಸ್ಸೇ ಮುಖ್ಯ ಸಾರಿಗೆಯಾಗಿರುವ ಊರುಗಳೇ ಇದ್ದರೆ, ಆ ಪೇಪರ್‌ಗಳೆಲ್ಲ ಹೇಳದೆಯೇ ಒಂದು ಸಂಗತಿಯನ್ನು ನಂಬಿಕೊಂಡಿವೆ: ಟಿಕೆಟ್ ದುಡ್ಡು ಉಳಿದರೆ ಹೆಂಗಸರು ಬಸ್ ಹತ್ತುತ್ತಾರೆ. ಕರಾವಳಿಯಲ್ಲಿ ಇದು ಅಷ್ಟು ಸರಳವಲ್ಲ. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ, ಅವುಗಳಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಖಾಸಗಿ ಬಸ್ ಈಗಲೇ ಬರುತ್ತದೆ, ದುಡ್ಡು ಕೊಡಬೇಕು. ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ, ಕಾಯಬೇಕು. ಇಲ್ಲಿ ಉತ್ತರ ಬದಲಾಗಲು ಕಾರಣ ಸಿಕ್ಕಿತು, ಪ್ರಶ್ನೆಯೂ ಸಿಕ್ಕಿತು: ಟಿಕೆಟ್ ಹಣ ಉಳಿಸಲು ಮಹಿಳೆಯರು ಎಷ್ಟು ನಿಮಿಷ ಕಾಯುತ್ತಾರೆ? ಕೂಲಿಗೆ ಹೋಗುವವರು, ಕಾಲೇಜಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಒಂದೇ ರೀತಿ ಕಾಯುತ್ತಾರೆಯೇ?

ನಿಗಮದ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ. ಶೂನ್ಯ ಟಿಕೆಟ್ ಎಣಿಸುವುದು ಪ್ರಯಾಣಗಳನ್ನು. ಕಾದು ಕಾದು ಖಾಸಗಿ ಬಸ್ ಹತ್ತಿದವಳು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಾಗಿ ಎರಡೂ ಬಸ್ ಓಡುವ ಒಂದು ಮಾರ್ಗದ ತಂಗುದಾಣದಲ್ಲಿ ನಿಲ್ಲಬೇಕು. ಟಿಕೆಟ್ 15 ರೂಪಾಯಿ ಎಂದುಕೊಳ್ಳಿ. ಇನ್ನೂ 20 ನಿಮಿಷ ಆಗಬಹುದು ಎಂದು ಗೊತ್ತಿದ್ದೂ ಒಬ್ಬಾಕೆ ಖಾಸಗಿ ಬಸ್ ಬಿಟ್ಟಳೆಂದರೆ, ಅವಳ ಲೆಕ್ಕದಲ್ಲಿ ಒಂದು ಗಂಟೆಯ ಬೆಲೆ 45 ರೂಪಾಯಿಗಿಂತ ಹೆಚ್ಚಿಲ್ಲ. ಹತ್ತಿ ಹೋದವಳಿಗೆ ಅದಕ್ಕಿಂತ ಹೆಚ್ಚು. ಸಾರಿಗೆ ಅರ್ಥಶಾಸ್ತ್ರದಲ್ಲಿ ಸಮಯದ ಬೆಲೆಯನ್ನು ಅಳೆಯುವ ಹಳೆಯ ದಾರಿಯೇ ಇದು.

ತಪ್ಪುವುದು ಎಲ್ಲಿ ಎಂದರೆ, ತಂಗುದಾಣದಲ್ಲಿ ಕಂಡವರನ್ನು ಮಾತ್ರ ಕೇಳಿದಾಗ. ಬೇಗ ಹತ್ತಿದವರು ಹೊರಟುಹೋಗಿರುತ್ತಾರೆ, ಹೆಚ್ಚು ಹೊತ್ತು ಕಾಯುವವರೇ ಕಣ್ಣಿಗೆ ಬೀಳುತ್ತಾರೆ. ಎಲ್ಲರೂ ಕಾಯುತ್ತಾರೆ ಎಂಬ ಸುಳ್ಳು ಫಲಿತಾಂಶ ಬರುವುದು ಹೀಗೆ. ಅದಕ್ಕೆ ನಿಗದಿ ಮಾಡಿಕೊಂಡ ಒಂದು ಗಂಟೆಯೊಳಗೆ ಬಂದ ಪ್ರತಿಯೊಬ್ಬರನ್ನೂ ಬಂದ ಕೂಡಲೇ ಗುರುತು ಹಾಕಿಕೊಳ್ಳಬೇಕು. ಮೊದಲು ಕೇಳಬೇಕಾದದ್ದು ಎಲ್ಲಿಗೆ ಹೊರಟಿದ್ದೀರಿ ಎಂದು. ಬಸ್ ಬಿಟ್ಟದ್ದು ದುಡ್ಡಿಗಾಗಿಯೋ, ಅದು ಬೇರೆ ಊರಿಗೆ ಹೋಗುತ್ತದೆಂದೋ, ರಶ್ ಇತ್ತೆಂದೋ ಆಗ ತಿಳಿಯುತ್ತದೆ. ಯೋಜನೆ ಬರುವ ಮೊದಲು ಎಷ್ಟು ಓಡಾಡುತ್ತಿದ್ದಿರಿ ಎಂದು ಈಗ ಕೇಳಿ ಹೋಲಿಸುವುದು ಬೇಡ, ಅಷ್ಟು ಹಿಂದಿನ ನೆನಪನ್ನು ನಂಬಲಾಗದು. ಶಕ್ತಿಯಿಂದ ಪ್ರಯಾಣ ಹೆಚ್ಚಾಯಿತೇ ಎಂಬ ಪ್ರಶ್ನೆಯನ್ನು ಈ ಪ್ರಬಂಧ ಮುಟ್ಟಲಾರದು, ಅದನ್ನು ಮೊದಲ ಅಧ್ಯಾಯದಲ್ಲೇ ಹೇಳಿಬಿಡುವುದು ಮೇಲು.

ಕ್ಷೇತ್ರಕ್ಕೆ ಇಳಿಯುವ ಮೊದಲು ಇನ್ನೊಂದು ಕೆಲಸವಿದೆ. ಕೋಷ್ಟಕದ ಮುಖ್ಯ ಪೇಪರ್‌ಗಳನ್ನು ಗೂಗಲ್ ಸ್ಕಾಲರ್‌ನಲ್ಲಿ ತೆರೆದು, ಕೆಳಗಿರುವ Cited by ಒತ್ತಿದರೆ ಅವುಗಳನ್ನು ಆಧರಿಸಿ ಆಮೇಲೆ ಬಂದ ಬರಹಗಳು ಕಾಣುತ್ತವೆ. ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ ನೋಡಬೇಕು. ಕರಾವಳಿಯ ಇದೇ ಪ್ರಶ್ನೆಯನ್ನು ಯಾರೋ ಆಗಲೇ ಕೇಳಿದ್ದರೆ ವಿಷಯ ಕೈಬಿಡಬೇಕೆಂದಿಲ್ಲ. ಅವರದನ್ನೂ ಕೋಷ್ಟಕಕ್ಕೆ ಒಂದು ಸಾಲಾಗಿ ಸೇರಿಸಿ ಕಂಬಗಳನ್ನು ಮತ್ತೆ ಓದಬೇಕು. ಅವರು ಬೆಳಗಿನ ಹೊತ್ತು ಮಾತ್ರ ಕೇಳಿದ್ದರೆ, ಕತ್ತಲಾದ ಮೇಲೆ ಒಬ್ಬಳೇ ನಿಂತವಳು ಅಷ್ಟೇ ಹೊತ್ತು ಕಾಯುತ್ತಾಳೆಯೇ ಎಂಬುದು ಉಳಿದಿರುತ್ತದೆ.