ಮೇಲೇರಿದಂತೆ ಕುಗ್ಗುವ ಮೆಟ್ಟಿಲುಗಳು

ಬಚ್ಚಲು ತೊಳೆಯುವ ಆಸಿಡ್ ಬಾಟಲಿಯ ಮುಚ್ಚಳ ತೆಗೆದರೆ ಮೂಗಿಗೆ ಅಡರುವ ಘಾಟು ಹೈಡ್ರೋಜನ್ ಕ್ಲೋರೈಡ್ ಅನಿಲದ್ದು. ಅದರ ಒಂದೊಂದು ಅಣುವಿನಲ್ಲೂ ಎರಡು ಪರಮಾಣುಗಳು ಸ್ಪ್ರಿಂಗ್‌ಗೆ ಕಟ್ಟಿದಂತೆ ಹತ್ತಿರ ಬರುತ್ತ, ದೂರ ಸರಿಯುತ್ತ ಕಂಪಿಸುತ್ತವೆ. ಈ ಕಂಪನದ ಶಕ್ತಿ ಏಣಿಯ ಮೆಟ್ಟಿಲಿನಂತೆ ಹಂತಹಂತವಾಗಿಯೇ ಏರಬೇಕು. ಅತಿಗೆಂಪು ಬೆಳಕು ಹಾಯಿಸಿ ಅಳೆದಾಗ, ತಳದಿಂದ ಮೊದಲ ಮೂರು ಮೆಟ್ಟಿಲುಗಳ ಎತ್ತರ ಸುಮಾರು 2886, 5668 ಮತ್ತು 8347. (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕದಲ್ಲಿ.) ಅಂದರೆ ಮೆಟ್ಟಿಲುಗಳ ನಡುವಿನ ಅಂತರ 2886, 2782, 2679. ಪ್ರತಿ ಸಲವೂ ನೂರು ಚಿಲ್ಲರೆ ಕಡಿಮೆ.

ಆದರ್ಶ ಸ್ಪ್ರಿಂಗ್ ಆಗಿದ್ದರೆ ಅಂತರವೆಲ್ಲ ಒಂದೇ ಇರಬೇಕಿತ್ತು. ನಿಜವಾದ ಬಂಧ ಹಾಗಲ್ಲ. ಒತ್ತಿದರೆ ಬಿರುಸು, ಎಳೆದರೆ ಸಡಿಲ. ಈ ಓರೆಯನ್ನು ಲೆಕ್ಕಕ್ಕೆ ತರಲು, ಸ್ಪ್ರಿಂಗಿನ x² ಶಕ್ತಿಯ ಜೊತೆಗೆ ಒಂದು ಪುಟ್ಟ λx³ ಸೇರಿಸುತ್ತಾರೆ. 1925ರಲ್ಲಿ ಹೈಸೆನ್‌ಬರ್ಗ್ ತನ್ನ ಹೊಸ ಕ್ವಾಂಟಂ ಲೆಕ್ಕವನ್ನು ಪರೀಕ್ಷಿಸಲು ಆರಿಸಿಕೊಂಡದ್ದೂ ಇಂಥ ಓರೆ ಆಂದೋಲಕವನ್ನೇ.

ಲೆಕ್ಕದ ಸಲಕರಣೆ ಎರಡೇ: ಒಂದು ಮೆಟ್ಟಿಲು ಏರಿಸುವ ಆಪರೇಟರ್, ಒಂದು ಇಳಿಸುವ ಆಪರೇಟರ್. 0ನೇ ಮೆಟ್ಟಿಲಿನಿಂದ 1ಕ್ಕೆ ಏರಿದರೆ √1, 1ರಿಂದ 2ಕ್ಕೆ √2, 2ರಿಂದ 3ಕ್ಕೆ √3 ಗುಣಕ ಬರುತ್ತದೆ. ಅದೇ ದಾರಿಯಲ್ಲಿ ಇಳಿದರೂ ಅದೇ ಗುಣಕ. ತಳದಿಂದ ಕೆಳಗೆ ಇಳಿಯಲು ಹೋದರೆ ಸೊನ್ನೆ. x ಎಂದರೆ ಇವೆರಡರ ಮೊತ್ತ. ಹಾಗಾಗಿ x³ ಎಂದರೆ ಮೂರು ಹೆಜ್ಜೆ, ಪ್ರತಿ ಹೆಜ್ಜೆಯೂ ಮೇಲಕ್ಕೋ ಕೆಳಕ್ಕೋ.

ಮೂರು ಹೆಜ್ಜೆ ಇಟ್ಟು ಹೊರಟಲ್ಲಿಗೇ ಮರಳಲಾಗದು, ಏರಿಳಿತ ಸರಿಸಮವಾಗಲು ಹೆಜ್ಜೆಗಳ ಎಣಿಕೆ ಸರಿಸಂಖ್ಯೆಯಾಗಿರಬೇಕು. ಆದ್ದರಿಂದ ಮೊದಲ ಹಂತದ ತಿದ್ದುಪಡಿ ಸೊನ್ನೆ. λ ಎಷ್ಟೇ ಇದ್ದರೂ ಈ ಹಂತದಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಓರೆ ಎಡಕ್ಕಿದ್ದರೂ ಬಲಕ್ಕಿದ್ದರೂ ಮೆಟ್ಟಿಲುಗಳ ಎತ್ತರ ಬದಲಾಗದೆಂದರೆ ಇದರಲ್ಲಿ ಆಶ್ಚರ್ಯವಿಲ್ಲ. ಪರಿಣಾಮವೇನಿದ್ದರೂ λ²ದಲ್ಲೇ ಇರಬೇಕು.

ಎರಡನೇ ಹಂತದಲ್ಲಿ ನಿಯಮ ಹೀಗೆ: ನಮ್ಮ ಮೆಟ್ಟಿಲಿನಿಂದ ಮೂರು ಹೆಜ್ಜೆಯಲ್ಲಿ ಎಲ್ಲೆಲ್ಲಿ ತಲುಪಬಹುದೋ ಅಲ್ಲಿಗೆ ಹೋಗುವ ದಾರಿಗಳ ಗುಣಕಗಳನ್ನು ಕೂಡಿಸಿ ವರ್ಗ ಮಾಡಿ, ನಡುವಿನ ಅಂತರದಿಂದ ಭಾಗಿಸಿ. ಗುರಿ ಮೇಲಿದ್ದರೆ ಋಣ, ಕೆಳಗಿದ್ದರೆ ಧನ.

ತಳದ ಮೆಟ್ಟಿಲನ್ನೇ ತೆಗೆದುಕೊಳ್ಳೋಣ. ಮೂರು ಸಲ ಏರಿದರೆ 3ಕ್ಕೆ: √1×√2×√3 = √6. ವರ್ಗ 6, ಅಂತರ 3, ಅಂದರೆ 2. ಇನ್ನು 1ಕ್ಕೆ ಹೋಗಲು ಎರಡು ದಾರಿ. ಏರಿ, ಏರಿ, ಇಳಿದರೆ 1×√2×√2 = 2. ಏರಿ, ಇಳಿದು, ಏರಿದರೆ 1. ಒಟ್ಟು 3, ವರ್ಗ 9, ಅಂತರ 1. ಎರಡೂ ಸೇರಿ ತಳದ ಮೆಟ್ಟಿಲು 11 ಪಾಲು ಕೆಳಗಿಳಿಯುತ್ತದೆ. ಒಂದು ಪಾಲು ಎಂದರೆ:

```
(λ²/ħω)·(ħ/2mω)³
```

1ನೇ ಮೆಟ್ಟಿಲಿನಿಂದ 4ಕ್ಕೆ 8, 2ಕ್ಕೆ 72. ಆದರೆ ಇಲ್ಲಿಂದ ಕೆಳಗಿನ 0ಕ್ಕೂ ದಾರಿಯಿದೆ, ಅದು 9 ಪಾಲು ಮೇಲೆತ್ತುತ್ತದೆ. 80ರಲ್ಲಿ 9 ಕಳೆದರೆ ಇಳಿತ 71. ಹೊಸಬರು ಎಡವುವುದು ಇಲ್ಲೇ. ಚಿಹ್ನೆ ತಪ್ಪಿದರೆ 89 ಬರುತ್ತದೆ. ಸರಿಯಾಗಿ ಮಾಡಿದವರಿಗೆ ಸೂತ್ರ 30n²+30n+11. 2ನೇ ಮೆಟ್ಟಿಲಿಗೆ 191. ಪಕ್ಕಪಕ್ಕದ ಇಳಿತಗಳ ವ್ಯತ್ಯಾಸ 60, ಆಮೇಲೆ 120. ಅಂತರ ಪ್ರತಿ ಸಲವೂ ಇನ್ನೊಂದು 60 ಪಾಲು ಕಿರಿದಾಗುತ್ತದೆ. ತಾಳೆ ನೋಡಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಆದರೆ x³ ಒಂದನ್ನೇ ನೆಚ್ಚಿಕೊಂಡರೆ ಆಪತ್ತು. ಒಂದು ಬದಿಯಲ್ಲಿ ಅದು ತಳವಿಲ್ಲದ ಪ್ರಪಾತಕ್ಕೆ ಇಳಿಯುತ್ತದೆ, ಕಟ್ಟುನಿಟ್ಟಾಗಿ ನೋಡಿದರೆ ಅಲ್ಲಿ ಸ್ಥಿರ ಮೆಟ್ಟಿಲೇ ಇಲ್ಲ. ಹಾಗಾಗಿ x⁴ ಪದವೂ ಬೇಕು. ಅದಕ್ಕೆ ನಾಲ್ಕು ಹೆಜ್ಜೆ, ಹೊರಟಲ್ಲಿಗೆ ಮರಳಬಹುದು, ಮೊದಲ ಹಂತದಲ್ಲೇ ಉತ್ತರ. ನೋಡಲು ಚಿಕ್ಕದಾದರೂ ಇದರ ಮೊದಲ ಹಂತ x³ರ ಎರಡನೇ ಹಂತದಷ್ಟೇ ದೊಡ್ಡದು, ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವುದು ತಪ್ಪು. 1929ರಲ್ಲಿ ಫಿಲಿಪ್ ಮೋರ್ಸ್ ಕೊಟ್ಟ, ಅಣುಗಳಿಗೆ ಒಗ್ಗುವ ಶಕ್ತಿರೇಖೆಗೆ ಲೆಕ್ಕ ಹಾಕಿದರೆ x³ರ n² ಪದ 30 ಪಾಲು ಇಳಿಸಿದಾಗ x⁴ 14 ಪಾಲು ಎತ್ತುತ್ತದೆ. ಉಳಿಯುವುದು 16. ಮೊದಲು ಕಂಡ 104 ಮತ್ತು 103 ಇದೇ ಉಳಿಕೆಯ ಗುರುತು.